ಬಿಳಿ ಕಲೆ, ತೆಳುವಾದ ಚರ್ಮ ಮತ್ತು ಸ್ಟಿರಾಯ್ಡ್ ಮುಲಾಮಿನ ಭಯ

ಪ್ರಶ್ನೆ: ನನಗೆ 52 ವರ್ಷ. ಯೋನಿಯ ಹೊರಭಾಗದಲ್ಲಿ ಬಿಳಿ ಕಲೆಗಳಾಗಿ ರಾತ್ರಿ ಹೊತ್ತು ವಿಪರೀತ ತುರಿಕೆ. ಲೈಕನ್ ಸ್ಕ್ಲೆರೋಸಸ್ ಎಂದು ಹೇಳಿ ಕ್ಲೋಬೆಟಸಾಲ್ ಮುಲಾಮು ಬರೆದುಕೊಟ್ಟಿದ್ದಾರೆ. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದಂತೆ. ಮೊದಲೇ ತೆಳುವಾಗಿರುವ ಚರ್ಮಕ್ಕೆ ಹಚ್ಚಬಹುದೇ?

ಹಚ್ಚಬಹುದು, ಹಚ್ಚದೆ ಬಿಟ್ಟರೇ ಹೆಚ್ಚು ಹಾನಿ. ಒಂಬತ್ತು ವರ್ಷಗಳಿಂದ ಇದೇ ಕಾಯಿಲೆ ಇರುವ ನಾನು ಮೊದಲ ವರ್ಷವನ್ನು ಇದೇ ಭಯದಲ್ಲಿ ಕಳೆದೆ. ಚರ್ಮವು ಮುದುರಿದ ತೆಳು ಕಾಗದದಂತಾಗಿ, ಕೆರೆದರೆ ಸೀಳುವುದಕ್ಕೆ ಕಾರಣ ಅಲ್ಲಿರುವ ಉರಿಯೂತ. ಮುಲಾಮು ತಣಿಸುವುದು ಆ ಉರಿಯೂತವನ್ನೇ. ಗುಪ್ತಾಂಗಕ್ಕೆ ಹಚ್ಚಬಾರದೆಂದು ಔಷಧದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಓದಿದ್ದ ನಾನು, ತುರಿಕೆ ತಡೆಯಲಾಗದ ದಿನ ಮಾತ್ರ ಒಂದಿಷ್ಟು ಸವರಿ, ಮರುದಿನ ನಿಲ್ಲಿಸಿಬಿಡುತ್ತಿದ್ದೆ. ಅಷ್ಟರಲ್ಲಿ ಒಳತುಟಿಗಳು ಕುಗ್ಗಿ ಹೊರತುಟಿಗಳಿಗೆ ಅಂಟಿಕೊಂಡವು. ತುರಿಕೆಯನ್ನು ಇಳಿಸಬಹುದು, ಆದರೆ ಹೀಗೆ ಅಂಟಿದ್ದು ಮುಲಾಮಿನಿಂದ ಬಿಡಿಸಿಕೊಳ್ಳುವುದಿಲ್ಲ.

ನಂತರ ಸಿಕ್ಕ ಚರ್ಮರೋಗ ತಜ್ಞೆ ಹಾಕಿಕೊಟ್ಟ ಕ್ರಮ ಹೀಗಿತ್ತು: ಮೊದಲ ನಾಲ್ಕು ವಾರ ಪ್ರತಿ ರಾತ್ರಿ, ಮುಂದಿನ ನಾಲ್ಕು ವಾರ ರಾತ್ರಿ ಬಿಟ್ಟು ರಾತ್ರಿ, ಆಮೇಲಿನ ನಾಲ್ಕು ವಾರ ವಾರಕ್ಕೆರಡು ಸಲ. ಪ್ರತಿ ಸಲ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ, ಅಂದರೆ ಸುಮಾರು ಅರ್ಧ ಗ್ರಾಂ. ಈ ಲೆಕ್ಕದಲ್ಲಿ 30 ಗ್ರಾಂನ ಒಂದು ಟ್ಯೂಬ್ ಮೂರು ತಿಂಗಳಿಗೆ ಸಾಕು. ತಿಂಗಳಿಗೇ ಮುಗಿದರೆ ಅತಿಯಾಯಿತೆಂದೂ, ವರ್ಷವಾದರೂ ಉಳಿದರೆ ಸಾಲದಾಯಿತೆಂದೂ ತಿಳಿಯಬಹುದು. ಕನ್ನಡಿ ಹಿಡಿದು ಬಿಳಿಯಾದ ಜಾಗಕ್ಕೆ ಮಾತ್ರ ಹಚ್ಚಬೇಕು. ಗುದದ ಸುತ್ತ ಕಲೆಯಿದ್ದರೆ ಅಲ್ಲಿಗೂ ಹಚ್ಚಬೇಕು, ತೊಡೆಯ ಚರ್ಮಕ್ಕೆ ಮಾತ್ರ ತಾಗಿಸಬಾರದು, ಏಕೆಂದರೆ ನೀವು ಹೆದರುವ ತೆಳುವಾಗುವಿಕೆ ಅಲ್ಲಿ ನಿಜವಾಗಿಯೂ ಆಗುತ್ತದೆ. ಬರೆದುಕೊಟ್ಟಿರುವುದು ಕ್ರೀಮ್ ಆಗಿದ್ದರೆ ಜಿಡ್ಡಿನ ಮುಲಾಮು ಕೇಳಿ ನೋಡಿ. ಸೀಳಿದ ಚರ್ಮಕ್ಕೆ ಕ್ರೀಮ್ ಉರಿಯುತ್ತದೆ. ಸೋಪನ್ನೂ ಅಲ್ಲಿಗೆ ಹಾಕಬೇಡಿ.

ನನ್ನ ತುರಿಕೆ ಮೂರನೆಯ ವಾರಕ್ಕೆ ಇಳಿಯಿತು, ಸೀಳುಗಳು ಎರಡು ತಿಂಗಳಲ್ಲಿ ಮಾಯ್ದವು, ಬಿಳಿ ಬಣ್ಣವಂತೂ ಇಂದಿಗೂ ಅಷ್ಟಿಷ್ಟು ಉಳಿದಿದೆ. ಆದ್ದರಿಂದ ಬಣ್ಣವನ್ನು ನೋಡಿ ಔಷಧವನ್ನು ಅಳೆಯಬೇಡಿ. ಬೆರಳಿಗೆ ಚರ್ಮ ಮೆತ್ತಗೆ ತಗಲುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ನೋಡಿ. ತುರಿಕೆ ನಿಂತಿತೆಂದು ನಾನೊಮ್ಮೆ ಪೂರ್ತಿ ಬಿಟ್ಟಾಗ ಐದೇ ತಿಂಗಳಲ್ಲಿ ಅದು ಮರಳಿತು. ಈಗ ವೈದ್ಯರ ಸಲಹೆಯಂತೆ ವಾರಕ್ಕೆರಡು ರಾತ್ರಿ ಹಚ್ಚುವುದನ್ನು ಮುಂದುವರಿಸಿದ್ದೇನೆ.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ತಪ್ಪಿಸಬೇಡಿ. ಚಿಕಿತ್ಸೆಯಿಲ್ಲದೆ ಬಿಟ್ಟವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ ಆ ಜಾಗದಲ್ಲಿ ಕ್ಯಾನ್ಸರ್ ಬರಬಹುದು. ಕ್ರಮವಾಗಿ ಹಚ್ಚುವವರಲ್ಲಿ ಆ ಸಂಭವ ಇನ್ನೂ ಕಡಿಮೆ. ಗಟ್ಟಿಯಾದ ಗಂಟು, ದಪ್ಪಗಾದ ಒರಟು ಚರ್ಮ ಅಥವಾ ಕೆಲವು ವಾರಗಳಾದರೂ ಮಾಯದ ಹುಣ್ಣು ಕಂಡರೆ ಮುಲಾಮನ್ನು ಹೆಚ್ಚಿಸುತ್ತಾ ಕಾಯದೆ, ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ಕೇಳಿ.