ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಕೇಸಿಗೆ ಸಿಕ್ಕಿಕೊಳ್ಳುತ್ತೇವೆಯೇ?

ಪ್ರಶ್ನೆ: ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸರು ನನ್ನನ್ನೇ ಹಿಡಿಯುವುದಿಲ್ಲವೇ? ನೋಡಿಯೂ ಹೋಗಿಬಿಟ್ಟರೆ ಅಪರಾಧವೇ?

ಉತ್ತರ: ಹಿಡಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಪ್ರಕಾರ, ಪ್ರತಿಫಲ ಬಯಸದೆ ಸದುದ್ದೇಶದಿಂದ ನೆರವಾದವರ ಮೇಲೆ, ಎತ್ತುವಾಗ ಏನಾದರೂ ಎಡವಟ್ಟಾಗಿ ಗಾಯಾಳು ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ದಾರಿಹೋಕರು ನಿಲ್ಲಲೇಬೇಕೆಂದು ಈ ಕಾಯ್ದೆ ಕಡ್ಡಾಯ ಮಾಡಿಲ್ಲ. ಆದರೆ ಡಿಕ್ಕಿಯಾದ ವಾಹನದ ಚಾಲಕನಿಗೆ 134ನೇ ಕಲಂ ಆ ಹೊಣೆ ಹೊರಿಸಿದೆ. ಅವನು ಈ ರಕ್ಷಣೆಯ ಹಿಂದೆ ಅಡಗುವಂತಿಲ್ಲ.

ರಾತ್ರಿ ಬೈಕಿನಿಂದ ಬಿದ್ದವನನ್ನು ನೀವು ಆಟೊದಲ್ಲಿ ಕರೆತಂದಿರಿ ಎನ್ನೋಣ. ಜನ ಹೆದರುವುದು ಕೌಂಟರಿನಲ್ಲಿ "ನಿಮ್ಮ ಹೆಸರು, ಫೋನ್ ನಂಬರ್?" ಎಂದು ಕೇಳುವ ಆ ಗಳಿಗೆಗೆ. 2020ರ ನಿಯಮಗಳಂತೆ ಹೆಸರು, ವಿಳಾಸ ಕೊಡಲು ಯಾರೂ ಬಲವಂತ ಮಾಡುವಂತಿಲ್ಲ. ಗಾಯಾಳುವನ್ನು ಒಪ್ಪಿಸಿ ಹೊರಡಬಹುದು. ಚಿಕಿತ್ಸೆಯ ಹಣವೂ ನಿಮ್ಮ ತಲೆಗೆ ಬರುವುದಿಲ್ಲ. ಯಾರಾದರೂ ತಡೆದರೆ ಬಾಗಿಲ ಬಳಿಯ ಫಲಕ ತೋರಿಸಿ: ಈ ಹಕ್ಕುಗಳನ್ನು ಆಸ್ಪತ್ರೆ ಸ್ಥಳೀಯ ಭಾಷೆಯಲ್ಲೂ ಪ್ರಕಟಿಸಿರಬೇಕು.

ಡಿಕ್ಕಿಯನ್ನು ಕಣ್ಣಾರೆ ಕಂಡಿದ್ದರೆ ದಯವಿಟ್ಟು ಸಾಕ್ಷಿಯಾಗಲು ಒಪ್ಪಿಕೊಳ್ಳಿ; ಗಾಯಾಳುವಿನ ಪರಿಹಾರದ ದಾವೆ ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ. ಆಗಲೂ ನಿಮಗೆ ಅನುಕೂಲವಾದ ಜಾಗದಲ್ಲಿ, ನಿಮ್ಮ ಮನೆಯಲ್ಲಾದರೂ ಸರಿ, ಹೇಳಿಕೆ ಪಡೆಯಬೇಕು.