ಸಣ್ಣ ಆರ್ಡರ್‌ಗಳಿಗೆ ಪಿಕ್ ಲಿಸ್ಟ್

ಪ್ರಶ್ನೆ: ಗೋದಾಮಿಗೆ ಸಣ್ಣ ಸಣ್ಣ ಆರ್ಡರ್ ಜಾಸ್ತಿ. ಓಡಾಟ ಕಡಿಮೆಯಾಗುವಂತೆ ಪಿಕ್ ಲಿಸ್ಟ್ ಮಾಡೋದು ಹೇಗೆ?

ಗಾಡಿಯಲ್ಲಿ 12 ಡಬ್ಬ ಹಿಡಿಯುತ್ತವೆ ಅಂದ್ಕೊಳ್ಳಿ. 12 ಆರ್ಡರ್‌ಗೆ ಒಂದೇ ಲಿಸ್ಟ್, ಡಬ್ಬಕ್ಕೊಂದು ಆರ್ಡರ್. ಸುಮ್ನೆ ಬಂದ ಕ್ರಮದಲ್ಲಿ ಎತ್ತಿಕೊಳ್ಳದೆ, ಅವೇ ಕಪಾಟಿನ ಸಾಲುಗಳಲ್ಲಿ ಸಿಗುವ ಆರ್ಡರ್‌ಗಳನ್ನು ಜೊತೆ ಮಾಡಿ. ಲಿಸ್ಟಿನ ಒಂದು ಸಾಲು ಹೀಗಿರಲಿ: "03-07, ನೀಲಿ ಪೆನ್ 5: ಡಬ್ಬ 2ಕ್ಕೆ 1, ಡಬ್ಬ 9ಕ್ಕೆ 4."

ಇಲ್ಲಿ 03-07 ಅಂದ್ರೆ 3ನೇ ಕಪಾಟಿನ ಸಾಲಿನ 7ನೇ ಜಾಗ. ನಂತರ ಈ ಜಾಗದ ಕೋಡ್ ಪ್ರಕಾರ ಜೋಡಿಸಿ. ಹೋಗಬೇಕಾದ ಮೊದಲ ಸಾಲಿನಲ್ಲಿ ಏರಿಕೆ, ಮುಂದಿನದರಲ್ಲಿ ಇಳಿಕೆ. ಬೆಸ-ಸಮ ಸಂಖ್ಯೆ ನೋಡಿ ದಿಕ್ಕು ಹಾಕಿದರೆ, ನಡುವೆ ಒಂದು ಸಾಲು ಬಿಟ್ಟಾಗ ಕೈಖಾಲಿ ವಾಪಸ್ ನಡೆಯಬೇಕಾಗುತ್ತದೆ. ಕೋಡ್‌ನಲ್ಲಿ ಸೊನ್ನೆ ಮರೆಯಬೇಡಿ. ಇಲ್ಲದಿದ್ದರೆ ಎಕ್ಸೆಲ್ 3-10 ಅನ್ನು 3-2ಕ್ಕಿಂತ ಮೊದಲು ಇಡಬಹುದು. ಸೊನ್ನೆ ಹಾಕಿದರೂ ಕೋಡನ್ನು ತಾರೀಖು ಅಂದುಕೊಳ್ಳಬಹುದು, ಹಾಗಾಗಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿ!

ಒಂದೇ ಒಂದು ವಸ್ತು ಇರುವ ಆರ್ಡರ್‌ಗಳಿಗೆ ಡಬ್ಬವೇ ಬೇಡ. ಒಟ್ಟಿಗೆ ತಂದು, ಪ್ಯಾಕಿಂಗ್ ಮೇಜಿನಲ್ಲಿ ಸ್ಕ್ಯಾನ್ ಮಾಡಿ ಲೇಬಲ್ ಪ್ರಿಂಟ್ ಮಾಡಿದರಾಯ್ತು.