ಬೀಗರು ಕೆನ್ನೆ ಹತ್ತಿರ ಬಂದ್ರೆ?

"ನಾವು ದಾವಣಗೆರೆಯವರು. ಮಗನ ಬೀಗರು ಫ್ರಾನ್ಸ್‌ನೋರು, ಮುಂದಿನ ತಿಂಗಳು ಬರ್ತಾರೆ. ಕೆನ್ನೆಗೆ ಮುತ್ತು ಕೊಡೋಕೆ ಬಂದ್ರೆ ನಮ್ಮವ್ವ ಏನು ಮಾಡ್ಬೇಕು?"

ಗಾಬರಿ ಬೇಡ ಸರ್. ಅವರು ಅದಕ್ಕೆ 'ಬೀಸ್' ಅಂತಾರೆ. ಸಾಮಾನ್ಯವಾಗಿ ತುಟಿ ತಾಗಲ್ಲ, ಕೆನ್ನೆಗೆ ಕೆನ್ನೆ ತಾಗಿಸಿ ಗಾಳೀಲಿ ಮುತ್ತಿನ ಸದ್ದು ಮಾಡ್ತಾರೆ, ಅಷ್ಟೇ. ಪ್ಯಾರಿಸ್ ಕಡೆ ಎರಡು ಸಲ, ದಕ್ಷಿಣದ ಮಾಂಪೆಲಿಯೆ ಕಡೆ ಮೂರು. ಯಾವ ಕೆನ್ನೆ ಮೊದಲು ಅನ್ನೋದೂ ಊರಿಂದೂರಿಗೆ ಬೇರೆ, ಹಂಗಾಗಿ ಅವರವರಲ್ಲೇ ಮೂಗು ಡಿಕ್ಕಿ ಹೊಡೆಯೋದುಂಟು!

ಅವರು ಮೂರ್ನಾಲ್ಕು ಹೆಜ್ಜೆ ದೂರ ಇರುವಾಗಲೇ ಅವ್ವ ಕೈಮುಗಿದು ನಿಲ್ಲಲಿ. ಎರಡೂ ಕೈ ಎದೆ ಮುಂದೆ ಇದ್ರೆ ಎದುರಿನವರಿಗೆ ತಾನಾಗೇ ಅರ್ಥ ಆಗುತ್ತೆ, ಅವರೂ ಕೈ ಮುಗೀತಾರೆ. ತಡ ಆಯ್ತೋ, ಕೆನ್ನೆ ಹತ್ತಿರ ಬಂದೇಬಿಡ್ತೋ, ಆಗ ಹಿಂದೆ ಸರಿದ್ರೆ ಅವರಿಗೆ ಬೇಜಾರಾಗುತ್ತೆ. ತಲೆ ಅಲ್ಲಾಡಿಸದೆ ನಿಂತ್ರೆ ಸಾಕು, ಅವರೇ ಮುಗಿಸ್ತಾರೆ.

ನಿಮಗೆ ಬೀಗರು ಕೈ ಚಾಚಬಹುದು. ಮೊದಲ ಭೇಟೀಲಿ ಗಂಡಸರ ನಡುವೆ ಅಲ್ಲಿ ಅದೇ ಹೆಚ್ಚು. ಒಂದೆರಡು ಕುಲುಕಿಗೆ ಬಿಟ್ಟುಬಿಡಿ, ನಮ್ಮಂಗೆ ಪ್ರಯಾಣ ಹೆಂಗಿತ್ತು ಅಂತ ಕೇಳಿ ಮುಗಿಯೋವರೆಗೂ ಹಿಡ್ಕೊಂಡಿರಬೇಡಿ. ಸೊಂಟ ಬಗ್ಗಿಸೋದು ಜಪಾನಿನವರ ಪದ್ಧತಿ, ಇವರಿಗೆ ಬೇಡ.

ಕಾಲಿಗೆ ಬೀಳೋ ವಿಷಯ ಮಾತ್ರ ನಿಮ್ಮ ಮಗ ಹುಡುಗಿಗೆ ಮೊದಲೇ ಹೇಳಿರಲಿ.